ಜಗಲಿಯ ನಾಲ್ಕೂವರೆ ಮೀಟರ್: ನಡೆದು ಬರುವವರ ಮೇಲೆ ಫೋಕಸ್ ಹಿಡಿದ ಲೆಕ್ಕ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಹಂಚಿನ ಮನೆ. ಮಳೆಗಾಲ. ಕಿರುಚಿತ್ರದ ಒಂದೇ ಒಂದು ಶಾಟ್ ನಮ್ಮನ್ನು ಚೆನ್ನಾಗಿ ಸತಾಯಿಸಿತು. ಶಾಟ್ ಹೇಳೋಕೆ ಸುಲಭ. ಅಡುಗೆಮನೆ ಬಾಗಿಲಿನಿಂದ ಒಬ್ಬ ಹೆಂಗಸು ಲಾಟೀನು ಹಿಡಿದು ಜಗಲಿ ಉದ್ದಕ್ಕೂ ನಡೆದು ಬರುತ್ತಾರೆ. ಕ್ಯಾಮೆರಾ ಮುಂದೆ ನಿಲ್ಲುತ್ತಾರೆ. ಅಂಗಳದ ಕಡೆ ನೋಡುತ್ತಾರೆ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲ್ಲಾಡದೆ ಕೂತಿರುತ್ತದೆ. ಕಟ್ ಇಲ್ಲ. ಶುರುವಿನಿಂದ ಕೊನೆಯವರೆಗೂ ಕಣ್ಣು ಶಾರ್ಪ್ ಇರಬೇಕು.

ಫೋಕಸ್ ನನ್ನ ಕೆಲಸ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ. ಇಂಥದ್ದೇ ಶಾಟ್ ಇಟ್ಟುಕೊಂಡವರಿಗೆ ಅಂಕಿಗಳು ನೇರವಾಗಿ ಉಪಯೋಗಕ್ಕೆ ಬರಬಹುದು.

1. ಸಾಮಾನು ಮತ್ತು ಬೆಳಕು

ಫುಲ್ ಫ್ರೇಮ್ ಕ್ಯಾಮೆರಾ, 85 ಎಂಎಂ ಮ್ಯಾನುಯಲ್ ಸಿನಿ ಲೆನ್ಸ್. ಲೆನ್ಸ್‌ನ ಫೋಕಸ್ ರಿಂಗ್‌ಗೆ ಹಲ್ಲುಗಳಿವೆ. 15 ಎಂಎಂ ರಾಡ್ ಮೇಲೆ ಕೂರುವ ಫಾಲೋ ಫೋಕಸ್‌ನ ಗೇರ್ ಆ ಹಲ್ಲಿಗೆ ಕಚ್ಚಿಕೊಳ್ಳುತ್ತದೆ, ಅದರ ಗುಂಡಿ ತಿರುಗಿಸಿದರೆ ರಿಂಗ್ ತಿರುಗುತ್ತದೆ. ಎರಡೂ ಶಿವಮೊಗ್ಗದಿಂದ ಬಾಡಿಗೆಗೆ ತಂದಿದ್ದು. ಲೆನ್ಸ್‌ಗೆ ದಿನಕ್ಕೆ 600 ರೂಪಾಯಿ, ಫಾಲೋ ಫೋಕಸ್ ಮತ್ತು ರಾಡ್‌ಗೆ 300. ಐದು ಮೀಟರಿನ ಟೇಪ್ ನನ್ನ ಹತ್ತಿರ ಇತ್ತು, ಅದು ಸಾಲದು ಅಂತ ಹತ್ತು ಮೀಟರಿನ ಬಟ್ಟೆ ಟೇಪ್ 180 ರೂಪಾಯಿ ಕೊಟ್ಟು ಕೊಂಡೆ. ಆ ಗುಂಡಿಯ ಜೊತೆ ಇರುವ, ದೂರದ ಮಾರ್ಕ್ ಹಾಕಿಕೊಳ್ಳುವ ಡಿಸ್ಕ್ ಮೇಲೆ ಬರೆಯಲು ಅಳಿಸಬಹುದಾದ ಮಾರ್ಕರ್, 35 ರೂಪಾಯಿ. ತೆಳು ತುದಿಯದ್ದೇ ಬೇಕು. ದಪ್ಪ ತುದಿಯ ಮಾರ್ಕರ್ ಹಾಕಿದ ಒಂದು ಗೆರೆ ಕೊನೆಯಲ್ಲಿ ಎರಡು ಸೆಂಟಿಮೀಟರ್ ದೂರವನ್ನು ನುಂಗಿಬಿಡುತ್ತದೆ.

ಆಟೋಫೋಕಸ್ ಹಾಕಬಹುದಿತ್ತಲ್ವಾ ಅಂತ ಕೇಳುವವರಿಗೆ: ಈ ಲೆನ್ಸ್‌ಗೆ ಆಟೋಫೋಕಸ್ ಇಲ್ಲ. ನಮ್ಮ ಕ್ಯಾಮೆರಾಮನ್‌ಗೆ ಈ ಲೆನ್ಸೇ ಬೇಕಿತ್ತು. ಇನ್ನೊಂದು ಮಾತು. ಈಗಿನ ಬಹಳಷ್ಟು ಆಟೋಫೋಕಸ್ ಲೆನ್ಸ್‌ಗಳ ರಿಂಗ್ ಸುಮ್ನೆ ಕೊನೆಯಿಲ್ಲದೆ ತಿರುಗುತ್ತದೆ. ಬೇಗ ತಿರುಗಿಸಿದರೆ ಫೋಕಸ್ ಒಂದಷ್ಟು ಹೋಗುತ್ತದೆ, ನಿಧಾನ ತಿರುಗಿಸಿದರೆ ಇನ್ನೊಂದಷ್ಟು. ಅಂಥ ಲೆನ್ಸ್‌ಗೆ ಫಾಲೋ ಫೋಕಸ್ ಕಟ್ಟಿ ಡಿಸ್ಕ್ ಮೇಲೆ ಮಾರ್ಕ್ ಹಾಕಿದರೆ ಆ ಮಾರ್ಕ್ ಎರಡನೇ ಸಲಕ್ಕೆ ನಿಲ್ಲುವುದಿಲ್ಲ. ಎರಡೂ ತುದಿಯಲ್ಲಿ ಗಟ್ಟಿಯಾಗಿ ನಿಲ್ಲುವ ರಿಂಗ್ ಬೇಕು.

ನಡಿಗೆ ಕ್ಯಾಮೆರಾದಿಂದ 6 ಮೀಟರ್ ದೂರದಲ್ಲಿ ಶುರು, 1.5 ಮೀಟರ್‌ನಲ್ಲಿ ನಿಲುಗಡೆ. ಮೋಡ ಕವಿದ ಸಂಜೆ, ಜಗಲಿ ಒಳಗೆ ಕತ್ತಲು. ಕ್ಯಾಮೆರಾಮನ್ ಅಪರ್ಚರ್ ಟಿ 2 ಕೇಳಿದ, ಈ ಅಂಕಿ ಸಣ್ಣದಾದಷ್ಟೂ ಬೆಳಕು ಜಾಸ್ತಿ, ಶಾರ್ಪ್ ಇರುವ ಜಾಗ ಕಡಿಮೆ. ಟಿ 2 ಇಟ್ಟರೆ 1.5 ಮೀಟರ್‌ನಲ್ಲಿ ಶಾರ್ಪ್ ಇರುವ ಜಾಗ ಒಟ್ಟು ಮೂರೂವರೆ ಸೆಂಟಿಮೀಟರ್. ಕಣ್ಣಿಗೆ ಇಟ್ಟರೆ ಮೂಗಿನ ತುದಿ ಹೋಯ್ತು. ಐಎಸ್‌ಓ 800 ಇದ್ದದ್ದನ್ನು 1600 ಮಾಡು, ಟಿ 2.8 ಕೊಡು ಅಂತ ಚೌಕಾಸಿ ಮಾಡಿದೆ. ಕೊಟ್ಟ. ಆಗ ಸಿಕ್ಕಿದ್ದು ಇಷ್ಟು: 6 ಮೀಟರ್‌ನಲ್ಲಿ 80 ಸೆಂಟಿಮೀಟರ್‌ಗೂ ಸ್ವಲ್ಪ ಜಾಸ್ತಿ, 3 ಮೀಟರ್‌ನಲ್ಲಿ ಸುಮಾರು 20, 2 ಮೀಟರ್‌ನಲ್ಲಿ 9, ನಿಲ್ಲುವ ಜಾಗದಲ್ಲಿ 5. ಅಂದರೆ ಶುರುವಿನಲ್ಲಿ ಒಂದು ಹೆಜ್ಜೆ ಆಚೀಚೆ ಆದರೂ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಯಲ್ಲಿ ಮೂರು ಬೆರಳಿನಗಲ.

2. ನೆಲದ ಮಾರ್ಕ್: ಟೇಪ್ ಕೂರಲಿಲ್ಲ

ಜಗಲಿಗೆ ಕೆಂಪು ಕಾವಿಯ ನೆಲ. ನುಣುಪಾಗಿ ತಿಕ್ಕಿದ್ದು. ನಮ್ಮ ಕಡೆ ಮಳೆಗಾಲದಲ್ಲಿ ಇಂಥ ನೆಲ ಬೆವರುತ್ತದೆ ಅನ್ನೋದು ಗೊತ್ತಿದ್ದದ್ದೇ. ಆದರೂ ಮಾಸ್ಕಿಂಗ್ ಟೇಪ್ ಹಚ್ಚಿ ನೋಡಿದೆವು. ಹಚ್ಚಿದಾಗ ಕೂರುತ್ತದೆ. ಹತ್ತು ನಿಮಿಷಕ್ಕೆ ಅಂಚು ಮೇಲೇಳುತ್ತದೆ. ನಟಿ, ನಮಗೆಲ್ಲ ಅಕ್ಕ, ಬರಿಗಾಲಲ್ಲಿ ನಡೆಯುತ್ತಾರೆ, ಟೇಪ್ ಅಂಗಾಲಿಗೆ ಅಂಟಿಕೊಂಡು ಅವರ ಜೊತೆಯೇ ಬಂತು. ಸೀಮೆಸುಣ್ಣ ಒದ್ದೆಯಲ್ಲಿ ಬೀಳಲೇ ಇಲ್ಲ. ಬಿದ್ದಷ್ಟೂ ಸೀರೆ ಅಂಚು ಒರೆಸಿಕೊಂಡು ಹೋಯ್ತು.

ಇನ್ನೂ ಗಟ್ಟಿ ಅಂಟಿನ ಗ್ಯಾಫರ್ ಟೇಪ್ ಇತ್ತು. ಅದನ್ನು ಹೊರಗೆ ತೆಗೆದದ್ದೇ ತಡ, ಮನೆಯ ಅಜ್ಜಿ ಬಂದರು. "ಅಂಟು ಗಿಂಟು ಹಚ್ಚಬೇಡ್ರೋ ನೆಲಕ್ಕೆ. ಶೇಡಿ ಇದೆ, ಬೇಕಾದ್ರೆ ಅದರಲ್ಲಿ ಬರ್ಕೊಳಿ" ಅಂದರು. ಶೇಡಿ ಅಂದರೆ ಹಬ್ಬಕ್ಕೆ ಗೋಡೆ, ಹೊಸಿಲ ಮೇಲೆ ಬರೆಯುವ ಬಿಳಿ ಮಣ್ಣು. ನೀರಲ್ಲಿ ಕಲಸಿ, ಕಡ್ಡಿಗೆ ಬಟ್ಟೆ ಸುತ್ತಿ, ತೆಳ್ಳಗೆ ಗೆರೆ ಎಳೆದೆ. ಎಳೆದಾಗ ಸರಿಯಾಗಿ ಕಾಣುವುದಿಲ್ಲ, ಒಣಗಿದಂತೆ ಬೆಳ್ಳಗೆ ಎದ್ದು ಬರುತ್ತದೆ. ಫ್ಯಾನ್ ಇಟ್ಟು ಒಣಗಿಸಬೇಕಾಯ್ತು. ಕಾಲಿಗೆ ಅಂಟಲ್ಲ, ಬೇಡವಾದಾಗ ಒದ್ದೆ ಬಟ್ಟೆ ಆಡಿಸಿದರೆ ಹೋಗುತ್ತದೆ. ಆ ದಿನದ ಅತಿ ಒಳ್ಳೆಯ ಸಾಮಾನು ಅದೇ, ಅದಕ್ಕೆ ಖರ್ಚೂ ಇಲ್ಲ.

ಗೆರೆಗಳು ಫ್ರೇಮ್‌ನಲ್ಲಿ ಕಾಣುವುದಿಲ್ಲವಾ ಅನ್ನುವ ಪ್ರಶ್ನೆ ಬಂತು. ನಮ್ಮ ಲೆನ್ಸ್‌ಗೆ 6 ಮೀಟರ್‌ನಲ್ಲಿ ಫ್ರೇಮಿನ ಎತ್ತರ 1.4 ಮೀಟರ್ ಚಿಲ್ಲರೆ. ತಲೆ ಮೇಲೆ ಸ್ವಲ್ಪ ಜಾಗ ಬಿಟ್ಟರೆ ಕೆಳಗೆ ಮೊಣಕಾಲಿನಿಂದ ಸ್ವಲ್ಪ ಕೆಳಗಿನವರೆಗೆ ಬರುತ್ತದೆ, ಪಾದ ಬರುವುದಿಲ್ಲ. ಹತ್ತಿರ ಬಂದಂತೆ ಫ್ರೇಮ್ ಇನ್ನೂ ಚಿಕ್ಕದು. ಹಾಗಾಗಿ ಧೈರ್ಯವಾಗಿ ಒಂದಡಿ ಉದ್ದದ ಅಡ್ಡ ಗೆರೆಗಳನ್ನೇ ಹಾಕಿದೆ. ವೈಡ್ ಲೆನ್ಸ್ ಆಗಿದ್ದರೆ ಇದು ನಡೆಯುತ್ತಿರಲಿಲ್ಲ.

ಮೊದಲು ಹಾಕಿದ್ದು ಎಲ್ಲರೂ ಹಾಕುವ ಹಾಗೆ: 6, 5, 4, 3, 2, ಆಮೇಲೆ 1.5. ಸೆಟ್‌ಗಳಲ್ಲಿ ಅಡಿ ಲೆಕ್ಕ ರೂಢಿ, ನಾನು ಮೀಟರ್ ಹಿಡಿದೆ.

3. ಅಳತೆ ಎಲ್ಲಿಂದ ಎಲ್ಲಿಗೆ

ಕ್ಯಾಮೆರಾ ಬಾಡಿ ಮೇಲೆ ಒಂದು ಸಣ್ಣ ವೃತ್ತ, ಅದಕ್ಕೆ ಅಡ್ಡ ಒಂದು ಗೆರೆ ಇರುವ ಗುರುತು ಇರುತ್ತದೆ. ಸೆನ್ಸರ್ ಇರುವುದು ಆ ಗೆರೆಯ ನೇರಕ್ಕೆ. ಟೇಪಿನ ಸೊನ್ನೆ ಅಲ್ಲಿ ಇಡಬೇಕು, ಲೆನ್ಸ್‌ನ ಬಾಯಿಗಲ್ಲ. ನಮ್ಮ ಲೆನ್ಸ್ ಹೊರಗೆ ಚಾಚಿದ್ದೇ ಹತ್ತು ಹನ್ನೆರಡು ಸೆಂಟಿಮೀಟರ್. ಲೆನ್ಸ್ ತುದಿಯಿಂದ ಅಳೆದರೆ ಕೊನೆಯ ಮಾರ್ಕ್‌ನಲ್ಲಿ ಶಾರ್ಪ್ ಇರುವ ಜಾಗದ ಎರಡು ಪಟ್ಟು ತಪ್ಪು ಬರುತ್ತದೆ.

ಇನ್ನೊಂದು ತುದಿ ಕಣ್ಣಿಗೆ. ನೆಲದ ಗೆರೆಗೆ ಅಳೆದು ಬಿಟ್ಟರೆ ಆಗಲ್ಲ. ಲೆನ್ಸ್ ಮತ್ತು ಕಣ್ಣು ಒಂದೇ ಎತ್ತರದಲ್ಲಿದ್ದರೆ ವ್ಯತ್ಯಾಸ ಇಲ್ಲ. ಮೊದಲ ಸೆಟಪ್‌ನಲ್ಲಿ ಲೆನ್ಸ್ 1.4 ಮೀಟರ್ ಎತ್ತರ, ಅಕ್ಕನ ಕಣ್ಣು 1.45, ಹಾಗಾಗಿ ನೆಲದ ಅಳತೆಯೇ ಸಾಕಾಯ್ತು. ಮುಂದೆ ಇದೇ ವಿಷಯ ಬೇರೆ ರೂಪದಲ್ಲಿ ಬಂತು, ಆಗ ಹೇಳುತ್ತೇನೆ.

ಟೇಪಿನ ಅಂಕಿಯನ್ನು ಲೆನ್ಸ್ ಮೇಲೆ ಅಚ್ಚು ಹಾಕಿದ ಅಂಕಿಗೆ ಹೊಂದಿಸಿ ನಂಬಬೇಡಿ. ಟೇಪ್ 3 ಅಂದಾಗ ಈ ಲೆನ್ಸ್ 2.9ರ ಹತ್ತಿರ ತೋರಿಸುತ್ತಿತ್ತು. ಹೀಗೆ ಮಾಡಿದೆ: ಅಕ್ಕನನ್ನು ಪ್ರತಿ ಗೆರೆಯ ಮೇಲೆ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು, ಸ್ಕ್ರೀನ್‌ನಲ್ಲಿ ಕಣ್ಣನ್ನು ದೊಡ್ಡದು ಮಾಡಿ, ರೆಪ್ಪೆ ಕೂದಲು ಶಾರ್ಪ್ ಆಗುವ ಕಡೆ ಡಿಸ್ಕ್ ಮೇಲೆ ಗೆರೆ ಹಾಕಿದೆ. ಆಮೇಲೆ ಟಿ 2.8ಕ್ಕೆ ತಂದು ಇನ್ನೊಮ್ಮೆ ನೋಡಿದೆ. ಹಾಗಾದರೆ ಟೇಪ್ ಯಾಕೆ ಅಂತೀರಾ? ಟ್ರೈಪಾಡ್‌ಗೆ ಯಾರಾದರೂ ಕಾಲು ತಾಗಿಸಿದರೆ, ಊಟ ಮುಗಿಸಿ ಬಂದ ಮೇಲೆ ಎಲ್ಲ ಇದ್ದಲ್ಲೇ ಇದೆಯಾ ಅಂತ ನೋಡಬೇಕಾದರೆ, ಟೇಪ್ ಒಂದೇ ಸಾಕ್ಷಿ.

4. ಗೇರಿನ ಸಡಿಲ

ಬಾಡಿಗೆಯ ಫಾಲೋ ಫೋಕಸ್‌ನಲ್ಲಿ ಆಟ ಇತ್ತು. ಗುಂಡಿ ಸ್ವಲ್ಪ ತಿರುಗಿದರೂ ಲೆನ್ಸ್ ತಿರುಗದ ಆ ಸತ್ತ ಜಾಗ. ಪತ್ತೆ ಹಚ್ಚುವುದು ಸುಲಭ. ದೂರದ ಕಡೆಯಿಂದ ಬಂದು 2 ಮೀಟರ್ ಮಾರ್ಕ್‌ಗೆ ನಿಲ್ಲಿಸಿ ನೋಡಿ. ಹತ್ತಿರದ ಕಡೆಯಿಂದ ಬಂದು ಅದೇ ಮಾರ್ಕ್‌ಗೆ ನಿಲ್ಲಿಸಿ ನೋಡಿ. ಎರಡು ಸಲವೂ ಒಂದೇ ಕಡೆ ಶಾರ್ಪ್ ಆದರೆ ಸರಿ. ನಮ್ಮದು ಆಗಲಿಲ್ಲ.

ಗೇರನ್ನು ಲೆನ್ಸ್‌ಗೆ ಇನ್ನೂ ಒತ್ತಿ ಬಿಗಿ ಮಾಡಿದರೆ ಆಟ ಕಡಿಮೆಯಾಯ್ತು, ಆದರೆ ತಿರುಗಿಸಿದಾಗ ಲೆನ್ಸೇ ಅಲುಗಿ ಫ್ರೇಮ್ ಜಗ್ಗಿದ ಹಾಗೆ ಕಂಡಿತು. ಲೆನ್ಸ್ ಕೆಳಗೆ ರಾಡ್ ಮೇಲೆ ಒಂದು ಸಪೋರ್ಟ್ ಕೊಟ್ಟು, ಬಿಗಿ ಸ್ವಲ್ಪ ಸಡಿಲಿಸಿದೆ. ಉಳಿದ ಆಟಕ್ಕೆ ಬೇರೆ ಉಪಾಯ: ನಮ್ಮ ಶಾಟ್‌ನಲ್ಲಿ ಕೈ ಒಂದೇ ದಿಕ್ಕಿಗೆ ಹೋಗುತ್ತದೆ, ದೂರದಿಂದ ಹತ್ತಿರಕ್ಕೆ. ಹಾಗಾಗಿ ಮಾರ್ಕ್‌ಗಳನ್ನೆಲ್ಲ ಅದೇ ದಿಕ್ಕಿನಿಂದ ಬಂದು ಹಾಕಿದೆ. ಪ್ರತಿ ಟೇಕಿಗೂ ಮುಂಚೆ 6ನ್ನು ದಾಟಿ ಕೊನೆಯವರೆಗೂ ಹೋಗಿ, ವಾಪಸ್ ಬಂದು 6ಕ್ಕೆ ನಿಲ್ಲುತ್ತಿದ್ದೆ. ಗೇರಿನ ಹಲ್ಲು ಆಗಲೇ ಕಚ್ಚಿಕೊಂಡಿರುತ್ತದೆ.

5. ಸಾಫ್ಟ್ ಬಂದ ಟೇಕ್‌ಗಳು

ಮೊದಲು ಮಾನಿಟರ್ ನೋಡಿಕೊಂಡು ಫೋಕಸ್ ಎಳೆದೆ. ಪ್ಲೇಬ್ಯಾಕ್ ದೊಡ್ಡದು ಮಾಡಿ ನೋಡಿದರೆ ಅಕ್ಕನ ಕಿವಿ ಹಿಂದಿನ ಕೂದಲು ಶಾರ್ಪ್, ಕಣ್ಣು ಮಬ್ಬು. ಕ್ಯಾಮೆರಾ ಕಡೆಗೆ ಬರುವವರಲ್ಲಿ ಹಿಂದಿನದು ಶಾರ್ಪ್ ಇದೆ ಅಂದರೆ ಕೈ ತಡ. ಅದರಲ್ಲಿ ಆಶ್ಚರ್ಯ ಇಲ್ಲ. ಅಕ್ಕ ನಾಲ್ಕೂವರೆ ಮೀಟರ್ ನಡೆಯಲು ಸುಮಾರು ಆರು ಸೆಕೆಂಡ್ ತೆಗೆದುಕೊಳ್ಳುತ್ತಿದ್ದರು, ಸೆಕೆಂಡಿಗೆ 75 ಸೆಂಟಿಮೀಟರ್. ಮಬ್ಬು ಕಂಡು ಕೈ ತಿರುಗುವಷ್ಟರಲ್ಲಿ ಕಾಲು ಸೆಕೆಂಡ್ ಹೋಗುತ್ತದೆ. ಅಷ್ಟರಲ್ಲಿ ಅವರು 19 ಸೆಂಟಿಮೀಟರ್ ಮುಂದೆ ಬಂದಿರುತ್ತಾರೆ. ಶಾರ್ಪ್ ಇರುವ ಜಾಗ 9 ಸೆಂಟಿಮೀಟರ್ ಇರುವ ಕಡೆ ಇದನ್ನು ಹಿಡಿಯುವುದು ಯಾರಿಂದಲೂ ಆಗದ ಮಾತು. ಮಬ್ಬು ಆದಮೇಲೆ ತಾನೇ ಮಾನಿಟರ್ ಮಬ್ಬು ತೋರಿಸುವುದು!

ಸರಿ, ಮಾನಿಟರ್ ಕಡೆ ನೋಡುವುದು ಬಿಟ್ಟೆ. ಕ್ಯಾಮೆರಾ ಪಕ್ಕ ಮೊಣಕಾಲೂರಿ ನೆಲದ ಗೆರೆ ನೋಡುತ್ತಾ ಎಳೆದೆ. (ಅಂಗಳದ ಕಡೆಗೆ ಕಾಲು ಚಾಚಿ ಕೂತಿದ್ದಕ್ಕೆ ಎರಡು ಉಂಬಳ ಹತ್ತಿದವು. ಟೇಕ್ ನಡೆಯುವಾಗ ಕೀಳೋಕೂ ಆಗಲ್ಲ.) ಕಾಲು ಗೆರೆಗೆ ಬಂತು, ಡಿಸ್ಕ್ ಆ ಮಾರ್ಕ್‌ಗೆ. ತುಂಬ ಚೊಕ್ಕವಾಗಿ ಬಂದಿದೆ ಅನ್ನಿಸಿತು. ಪ್ಲೇಬ್ಯಾಕ್ ನೋಡಿದ ಕ್ಯಾಮೆರಾಮನ್, "ಮಾರಾಯ, ಲಾಟೀನಿನ ತಂತಿ ಒಂದೊಂದೂ ಎಣಿಸಬಹುದು. ಮುಖ ಎಲ್ಲಿ?" ಅಂದ.

ಲಾಟೀನು ಮುಖಕ್ಕಿಂತ ಒಂದಡಿ ಮುಂದಿತ್ತು. ಅದು ಶಾರ್ಪ್ ಅಂದರೆ ಕೈ ಮುಂಚೆ ಹೋಗಿದೆ. ಯಾಕೆ ಅಂತ ಅಕ್ಕನನ್ನು ನಿಧಾನವಾಗಿ ನಡೆಸಿ ಪಕ್ಕದಿಂದ ನೋಡಿದೆ. ನಡೆಯುವಾಗ ಮುಂದಿಟ್ಟ ಕಾಲಿನ ಬೆರಳು ಮುಖಕ್ಕಿಂತ 25 ಸೆಂಟಿಮೀಟರ್ ಆಸುಪಾಸು ಮುಂದಿರುತ್ತದೆ. ಮಾರ್ಕ್ ಹಾಕುವಾಗ ಅವರು ಎರಡೂ ಕಾಲು ಜೋಡಿಸಿ ನಿಂತಿದ್ದರು, ಆಗ ಕಣ್ಣು ಹೆಚ್ಚುಕಡಿಮೆ ಬೆರಳಿನ ನೇರಕ್ಕೇ ಇತ್ತು. ನಿಂತವರ ಅಳತೆಯನ್ನು ನಡೆಯುವವರ ಕಾಲಿನಲ್ಲಿ ಓದುತ್ತಿದ್ದೆ. ಜೊತೆಗೆ ಸೀರೆಯ ಅಂಚು ಪಾದಕ್ಕಿಂತ ಮುಂಚೆಯೇ ಗೆರೆಯನ್ನು ಮುಚ್ಚುತ್ತಿತ್ತು.

ಪರಿಹಾರ ಸರಳ. ಡಿಸ್ಕ್ ಮೇಲಿನ ಮಾರ್ಕ್ ಮುಟ್ಟಲಿಲ್ಲ. ನೆಲದ ಗೆರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, 25 ಸೆಂಟಿಮೀಟರ್ ಕ್ಯಾಮೆರಾ ಕಡೆಗೆ ಸರಿಸಿ ಮತ್ತೆ ಎಳೆದೆ. ಈಗ ಕಾಲು ಗೆರೆ ಮುಟ್ಟಿದಾಗ ಮುಖ ಸರಿಯಾದ ದೂರದಲ್ಲಿರುತ್ತದೆ. ಕೊನೆಯ ಗೆರೆ ಮಾತ್ರ ಇದ್ದಲ್ಲೇ ಬಿಟ್ಟೆ, ಅಲ್ಲಿ ಅವರು ಕಾಲು ಜೋಡಿಸಿ ನಿಲ್ಲುತ್ತಾರಲ್ಲ. ಗೆರೆಗಳನ್ನು ನನ್ನ ಕಡೆಯ ಅಂಚಿನವರೆಗೂ ಉದ್ದ ಮಾಡಿದೆ, ಸೀರೆ ಮುಚ್ಚಿದರೂ ತುದಿ ಕಾಣಲಿ ಅಂತ.

6. ಗೆರೆಗಳ ಜಾಗವೇ ತಪ್ಪು

ಈಗ ನಡಿಗೆಯ ಮೊದಲರ್ಧ ಪೂರ್ತಿ ಸರಿ ಬಂತು. 3 ಮೀಟರ್ ಒಳಗೆ ಬಂದ ಕೂಡಲೇ ಕೈ ಹಿಂದೆ ಬೀಳುತ್ತಿತ್ತು. ಅಭ್ಯಾಸ ಸಾಲದು ಅಂತ ಮಾಡಿದ್ದನ್ನೇ ಮಾಡಿದೆವು. ಸುಧಾರಿಸಲಿಲ್ಲ. ಕೊನೆಗೆ ಡಿಸ್ಕ್ ಮೇಲಿನ ಗೆರೆಗಳನ್ನು ಸ್ಕೇಲ್ ಇಟ್ಟು ನೋಡಿದಾಗ ವಿಷಯ ತಿಳಿಯಿತು.

ನೆಲದ ಮೇಲೆ ಗೆರೆಗಳು ಒಂದೊಂದು ಮೀಟರಿಗೆ. ಡಿಸ್ಕ್ ಮೇಲೆ? 6ರಿಂದ 5ಕ್ಕೆ 7 ಮಿಲಿಮೀಟರ್. 5ರಿಂದ 4ಕ್ಕೆ ಸುಮಾರು ಒಂದು ಸೆಂಟಿಮೀಟರ್. 4ರಿಂದ 3ಕ್ಕೆ ಒಂದೂಮುಕ್ಕಾಲು. 3ರಿಂದ 2ಕ್ಕೆ ಮೂರೂವರೆ. 2ರಿಂದ 1.5ಕ್ಕೆ, ಬರೀ ಅರ್ಧ ಮೀಟರಿಗೆ, ಮತ್ತೆ ಮೂರೂವರೆ. ಅಂದರೆ ಅಕ್ಕ ಒಂದೇ ವೇಗದಲ್ಲಿ ಬರುತ್ತಿದ್ದರೂ ನನ್ನ ಕೈ ಕೊನೆಯಲ್ಲಿ ಶುರುವಿನ ಹತ್ತು ಪಟ್ಟು ವೇಗದಲ್ಲಿ ತಿರುಗಬೇಕು. ಆ ವೇಗದಲ್ಲಿ ಹೋಗುತ್ತಿರುವಾಗಲೇ ಗಕ್ಕನೆ ನಿಲ್ಲಬೇಕು. ನನ್ನ ಆರು ಗೆರೆಗಳಲ್ಲಿ ಮೂರು ಕೆಲಸವೇ ಇಲ್ಲದ ದೂರದ ತುದಿಯಲ್ಲಿ ಗುಂಪು ಕಟ್ಟಿದ್ದವು. ಗೆರೆ ಬೇಕಾದ ಕೊನೆಯ ಒಂದೂವರೆ ಮೀಟರ್ ಬರಿದಾಗಿತ್ತು.

ಇದಕ್ಕೊಂದು ಲೆಕ್ಕ ಇದೆ. ರಿಂಗ್ ತಿರುಗುವುದು ದೂರಕ್ಕೆ ತಕ್ಕಂತೆ ಅಲ್ಲ, ಒಂದನ್ನು ದೂರದಿಂದ ಭಾಗಿಸಿದರೆ ಬರುವ ಅಂಕಿಗೆ ತಕ್ಕಂತೆ. ಎಲ್ಲ ಲೆನ್ಸ್‌ನಲ್ಲೂ ಕರಾರುವಾಕ್ಕಾಗಿ ಹೀಗೇ ಇರಲ್ಲ, ನಮ್ಮದರಲ್ಲಿ ಹೆಚ್ಚುಕಡಿಮೆ ಹೀಗೇ ಇತ್ತು. ಹಾಗಾಗಿ ಡಿಸ್ಕ್ ಮೇಲೆ ಗೆರೆಗಳು ಸಮ ಅಂತರದಲ್ಲಿ ಬರುವ ಹಾಗೆ ನೆಲದ ಮೇಲಿನ ಜಾಗ ಹುಡುಕಿದೆ. 6 ಮೀಟರಿಗೆ 1 ÷ 6, ಅಂದರೆ 0.167. 1.5ಕ್ಕೆ 1 ÷ 1.5, ಅಂದರೆ 0.667. ನಡುವೆ 0.5 ಇದೆ. ಐದು ಭಾಗ ಮಾಡಿದರೆ ಒಂದೊಂದು 0.1. 0.167ಕ್ಕೆ 0.1 ಸೇರಿಸುತ್ತಾ ಹೋಗಿ, ಪ್ರತಿ ಅಂಕಿಯಿಂದ ಒಂದನ್ನು ಭಾಗಿಸಿದರೆ ದೂರ ವಾಪಸ್ ಸಿಗುತ್ತದೆ:

```
0.167  ->  6.00
0.267  ->  3.75
0.367  ->  2.73
0.467  ->  2.14
0.567  ->  1.76
0.667  ->  1.50
```

ಗೆರೆಗಳನ್ನು ಒರೆಸಿ ಈ ದೂರಗಳಿಗೆ ಹಾಕಿದೆ. ನಡುವಿನ ನಾಲ್ಕು ಗೆರೆಗಳಿಗೆ ಆ 25 ಸೆಂಟಿಮೀಟರ್ ಸರಿಸುವುದನ್ನು ಮರೆಯದೆ. ಡಿಸ್ಕ್ ಮೇಲೆ ಈಗ ಎರಡು ಸೆಂಟಿಮೀಟರಿಗೆ ಒಂದರಂತೆ ಒಪ್ಪವಾಗಿ ಗೆರೆ ಬಿದ್ದವು. 6 ಮತ್ತು 3.75ರ ನಡುವೆ ದೊಡ್ಡ ಬಯಲು ಕಾಣುತ್ತದೆ, ಆದರೆ ಅಲ್ಲಿ ಅರ್ಧ ಮೀಟರಿನಷ್ಟು ಜಾಗ ಶಾರ್ಪ್ ಇರುತ್ತದೆ, ಕಳೆದುಹೋಗುವ ಭಯ ಕಡಿಮೆ. ಅದೃಷ್ಟಕ್ಕೆ ಜಗಲಿಯ ಒಂದು ಕಂಬದ ಬುಡದ ಕಲ್ಲು ಕ್ಯಾಮೆರಾದಿಂದ 4.3 ಮೀಟರ್ ಇತ್ತು. ಕಾಲು ಆ ಕಲ್ಲಿನ ನೇರಕ್ಕೆ ಬಂದಾಗ ಮುಖ ನಾಲ್ಕೂವರೆ ಮೀಟರ್ ದಾಟುವ ಹಂತದಲ್ಲಿರುತ್ತದೆ, ಡಿಸ್ಕ್ ಮೊದಲ ಎರಡು ಗೆರೆಗಳ ನಡುಮಧ್ಯ ಇರಬೇಕು. ಶೇಡಿಯೇ ಬೇಕಾಗದ ಗೆರೆ.

ಇನ್ನೊಂದು ಲಾಭ ಆಮೇಲೆ ಗೊತ್ತಾಯ್ತು. ಗೆರೆಯಿಂದ ಗೆರೆಗೆ ಕೈ ಹೋಗುವಷ್ಟು ದೂರ ಒಂದೇ, ಬದಲಾಗುವುದು ಸಮಯ ಮಾತ್ರ. ಮೂರು ಸೆಕೆಂಡ್, ಸುಮಾರು ಒಂದೂವರೆ, ಮುಕ್ಕಾಲು, ಅರ್ಧ, ಆಮೇಲೆ ಅದಕ್ಕೂ ಕಡಿಮೆ. ಇದು ಲಯ ಇದ್ದ ಹಾಗೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಏರುವ ಲಯ ಹೊಸತಲ್ಲ, ಕೈಗೆ ಬೇಗ ಕೂತಿತು. ನಾಲ್ಕು ಸಲ ಕ್ಯಾಮೆರಾ ಓಡಿಸದೆ ಅಕ್ಕನ ಜೊತೆ ಸುಮ್ನೆ ನಡೆದು ನೋಡಿದೆವು, ಅಷ್ಟೇ.

7. ನಿಲ್ಲುವ ಜಾಗ

ಕೊನೆಯ ಗೆರೆ ಅಕ್ಕನಿಗೆ ಕಾಣುವುದಿಲ್ಲ. ಕೆಳಗೆ ನೋಡಿದರೆ ಕಣ್ಣು ತಗ್ಗಿದ್ದು ಕ್ಲೋಸಪ್‌ನಲ್ಲಿ ಗೊತ್ತಾಗುತ್ತದೆ. ಅಂದಾಜಿನಲ್ಲಿ ನಿಂತಾಗ ಐದಾರು ಸೆಂಟಿಮೀಟರ್ ಆಚೀಚೆ ಆಗುತ್ತಿತ್ತು. ನಮಗಿರುವುದೇ ಒಟ್ಟು 5. ಸೆಟ್‌ಗಳಲ್ಲಿ ಇದಕ್ಕೆ ಮರಳು ತುಂಬಿದ ಸಣ್ಣ ಚೀಲ ಇಡುತ್ತಾರೆ. ಇಲ್ಲಿ ಕೊಟ್ಟಿಗೆ ಪಕ್ಕ ಅಡಿಕೆ ದಬ್ಬೆ ಬಿದ್ದಿತ್ತು. ಒಂದಡಿ ತುಂಡು ಮಾಡಿ, ಸಿಬಿರು ಕೆತ್ತಿ, ಬೆರಳಿಗೆ ತಾಗುವ ಹಾಗೆ ಅಡ್ಡ ಇಟ್ಟೆ. ಜಾರಬಾರದು ಅಂತ ಎರಡೂ ತುದಿಗೆ ಕಲ್ಲು. ಬರಿಗಾಲಿನ ಹೆಬ್ಬೆರಳು ದಬ್ಬೆಗೆ ತಾಗಿದರೆ ನಿಲ್ಲಬೇಕು.

ಮೊದಲ ಸಲ ವೇಗವಾಗಿ ಬಂದು ಬೆರಳು ಎಡವಿಕೊಂಡರು. ಕೊನೆಯ ಹೆಜ್ಜೆ ಸಣ್ಣದು ಮಾಡಿ ಅಂತ ಕೇಳಿಕೊಂಡೆ. ಅದರಿಂದ ನನಗೂ ಉಪಕಾರವಾಯ್ತು, ಕೈ ಕೊನೆಯ ಎರಡು ಸೆಂಟಿಮೀಟರನ್ನು ಅಷ್ಟು ಗಾಬರಿಯಲ್ಲಿ ದಾಟಬೇಕಾಗಲಿಲ್ಲ.

ನಿಂತ ಮೇಲೂ ಕೆಲಸ ಮುಗಿಯುವುದಿಲ್ಲ. ನಡೆದು ಬಂದ ಮೈ ನಿಂತ ಮೇಲೆ ಸ್ವಲ್ಪ ಮುಂದಕ್ಕೆ ವಾಲಿ ಹಿಂದಕ್ಕೆ ಬರುತ್ತದೆ, ಎರಡು ಮೂರು ಸೆಂಟಿಮೀಟರ್. ಡಿಸ್ಕ್‌ನಲ್ಲಿ 1.5ರ ಎರಡೂ ಕಡೆ, 1.45 ಮತ್ತು 1.55ಕ್ಕೆ, ಕೆಂಪಿನಲ್ಲಿ ಸಣ್ಣ ಗೀಟು ಹಾಕಿಕೊಂಡೆ. ನಿಂತ ಮೇಲೆ ಮಾತ್ರ ನೆಲ ಬಿಟ್ಟು ಮುಖ ನೋಡುತ್ತಾ, ಆ ಎರಡು ಗೀಟುಗಳ ಒಳಗೆ ಕೂದಲೆಳೆಯಷ್ಟು ಆಡಿಸುವುದು. ಇಲ್ಲಿ ವಾಪಸ್ ತಿರುಗಿಸುವಾಗ ಗೇರಿನ ಸತ್ತ ಜಾಗ ಮತ್ತೆ ಎದುರಾಗುತ್ತದೆ. ಗುಂಡಿಯಿಂದ ಕೈ ತೆಗೆದು ನೇರವಾಗಿ ಲೆನ್ಸ್ ರಿಂಗ್ ಹಿಡಿದು ನೋಡಿದೆ, ಫ್ರೇಮ್ ನಡುಗಿತು. ಸಡಿಲದ ಅಂದಾಜು ಕೈಗೆ ಬರುವವರೆಗೂ ಬೇರೆ ದಾರಿ ಇಲ್ಲ.

ಈ ಸೆಟಪ್‌ನಲ್ಲಿ ಒಪ್ಪಿಕೊಂಡ ಟೇಕ್‌ನಲ್ಲಿ 2.14ರ ಹತ್ತಿರ ಒಂದು ಕ್ಷಣ ಕಣ್ಣಿಗಿಂತ ಮೂಗು ಶಾರ್ಪ್ ಇದೆ. ನಮಗೆ ಗೊತ್ತು, ನೋಡುವವರಿಗೆ ಬಹುಶಃ ಗೊತ್ತಾಗಲ್ಲ.

8. ಕ್ಯಾಮೆರಾ ಕೆಳಗೆ ಇಳಿಯಿತು

ಎಲ್ಲ ಮುಗಿಯಿತು ಅನ್ನುವಾಗ ನಿರ್ದೇಶಕರಿಗೆ ಅದೇ ನಡಿಗೆ ಕೆಳಗಿನಿಂದ ಬೇಕಾಯ್ತು. ಲೆನ್ಸ್ ನೆಲದಿಂದ ಅರ್ಧ ಮೀಟರ್ ಎತ್ತರ, ಅಕ್ಕ ಹತ್ತಿರ ಬಂದಂತೆ ಕ್ಯಾಮೆರಾ ಮೇಲಕ್ಕೆ ಟಿಲ್ಟ್ ಆಗಿ ಮುಖವನ್ನು ಹಿಂಬಾಲಿಸುತ್ತದೆ. ಸೆನ್ಸರ್ ಇರುವ ನೇರ ಬದಲಿಸಲಿಲ್ಲ, ನೆಲದ ಗೆರೆ ಹಾಗೇ ಇದೆ, ಡಿಸ್ಕ್ ಕೂಡ ಹಾಗೇ ಇರಲಿ ಅಂದರು. ಆಗಲ್ಲ.

ಕಣ್ಣು 1.45 ಮೀಟರ್ ಎತ್ತರ, ಲೆನ್ಸ್ 0.5. ನಡುವೆ 95 ಸೆಂಟಿಮೀಟರ್. ಈಗ ಕಣ್ಣಿನ ದೂರ ಓರೆಯಾಗಿ ಅಳೆಯಬೇಕು. ನೆಲದಲ್ಲಿ 6 ಇದ್ದದ್ದು ಓರೆಯಲ್ಲಿ 6.07, ಏನೂ ವ್ಯತ್ಯಾಸ ಇಲ್ಲ. ನೆಲದ 2.14 ಓರೆಯಲ್ಲಿ 2.34. ನೆಲದ 1.5 ಓರೆಯಲ್ಲಿ 1.78. ಹಳೆಯ ಡಿಸ್ಕ್ ಇಟ್ಟಿದ್ದರೆ ಶುರು ಚೆನ್ನಾಗಿದ್ದು, ಕೊನೆಯಲ್ಲಿ 28 ಸೆಂಟಿಮೀಟರ್ ತಪ್ಪಿ, ಫೋಕಸ್ ಮುಖದ ಮುಂದಿನ ಖಾಲಿ ಜಾಗದಲ್ಲಿ ಇರುತ್ತಿತ್ತು. ಒಂದು ಎಚ್ಚರಿಕೆ: ಈ ಓರೆ ಲೆಕ್ಕ ಕ್ಯಾಮೆರಾ ಮುಖದ ಕಡೆಗೆ ಟಿಲ್ಟ್ ಆಗುತ್ತಿರುವುದಕ್ಕೆ ಮಾತ್ರ. ಕ್ಯಾಮೆರಾವನ್ನು ಮಟ್ಟಸವಾಗಿಟ್ಟು ಮುಖ ಫ್ರೇಮಿನ ಮೇಲ್ತುದಿಯಲ್ಲಿ ಬಂದರೆ ಶಾರ್ಪ್ ಇರುವ ಜಾಗ ನೆಟ್ಟಗೆ ನಿಂತಿರುತ್ತದೆ, ಆಗ ನೆಲದ ಅಳತೆಯೇ ಸರಿ.

ಡಿಸ್ಕ್‌ನ ಬಿಳಿ ಉಂಗುರ ಒರೆಸಿ, ಅಕ್ಕನನ್ನು ಮತ್ತೆ ಒಂದೊಂದು ಗೆರೆ ಮೇಲೆ ನಿಲ್ಲಿಸಿ, ಕ್ಯಾಮೆರಾವನ್ನು ಮುಖಕ್ಕೆ ಟಿಲ್ಟ್ ಮಾಡಿಸಿ ಹೊಸ ಗೆರೆ ಹಾಕಿದೆ. ಸಂಜೆ ಬೆಳಕು ಹೋಗುತ್ತಿತ್ತು, ಎಲ್ಲರಿಗೂ ಅವಸರ. ಆದರೆ ಕೆಲಸ ಮೊದಲಿನದಕ್ಕಿಂತ ಸುಲಭವಾಯ್ತು. ಓರೆಯಲ್ಲಿ ಮುಖ 1.78ಕ್ಕಿಂತ ಹತ್ತಿರ ಬರುವುದೇ ಇಲ್ಲ. ಡಿಸ್ಕ್ ತಿರುಗಬೇಕಾದದ್ದು ಐದರಲ್ಲಿ ಒಂದು ಪಾಲು ಕಡಿಮೆಯಾಯ್ತು, ಗೆರೆಗಳು ಕೊನೆಗೆ ಬರುತ್ತಾ ಒತ್ತೊತ್ತಾದವು, ನಿಲ್ಲುವ ಕಡೆ ಶಾರ್ಪ್ ಇರುವ ಜಾಗವೂ 5ರಿಂದ 7 ಸೆಂಟಿಮೀಟರಿಗೆ ಏರಿತು. ಹಾಗಾಗಿ ಬೇಗ ಓಕೆ ಆಯ್ತು.

ಮುಂದಿನ ಸಲ ಇದೇ ಜಗಲಿಯಲ್ಲಿ ಅಕ್ಕ ವಾಪಸ್ ಹೋಗುವ ಶಾಟ್ ಇದೆ. ಆಗ ಕೈ ವೇಗದಲ್ಲಿ ಶುರುವಾಗಿ ನಿಧಾನಕ್ಕೆ ಬರಬೇಕು, ಹೊರಡುವ ಆ ಮೊದಲ ಹೆಜ್ಜೆಯೇ ಕಷ್ಟದ್ದು. ಗೇರಿನ ಆಟವನ್ನು ಈ ಸಲ ಬೇರೆ ದಿಕ್ಕಿಗೆ ಕಚ್ಚಿಸಿಟ್ಟುಕೊಳ್ಳಬೇಕು, ಅಂದರೆ 1.5ಕ್ಕಿಂತ ಹತ್ತಿರಕ್ಕೆ ಹೋಗಿ ವಾಪಸ್ ಬರಬೇಕು. ಈ ಲೆನ್ಸ್ ಹತ್ತಿರದಲ್ಲಿ 1.1 ಮೀಟರ್‌ವರೆಗೂ ಹೋಗುತ್ತದೆ, ಅಷ್ಟು ಜಾಗ ಇದೆ. ಸಡಿಲ ಇಲ್ಲದ ಫಾಲೋ ಫೋಕಸ್ ಸಿಗುತ್ತದಾ ಅಂತ ಮಾತ್ರ ಈಗಲೇ ವಿಚಾರಿಸಿಟ್ಟಿದ್ದೇನೆ.